ಮೂರು ಸಾವಿರದ ಬಾಕಿ, ಮೂರು ಸಾವಿರದ ಬಡ್ಡಿ

ಪುಣೆಯ ಕೋಥರೂಡಿನಲ್ಲಿ ನಾನಿರುವ ಓಣಿಯ ಮೂಲೆಗೆ ಒಂದು ಕಿರಾಣಿ ಅಂಗಡಿಯಿದೆ. ಅಂಗಡಿಯ ಕಾಕಾ ಇವತ್ತಿಗೂ ಉದ್ದನೆಯ ವಹಿಯಲ್ಲಿ ಉದ್ರಿ ಬರೆದುಕೊಳ್ಳುತ್ತಾರೆ. ತಿಂಗಳ ಕೊನೆಗೆ ಲೆಕ್ಕ ಮೂರು ಸಾವಿರವಾಗಿ, ನನ್ನ ಕೈಯಲ್ಲಿ ಎರಡು ಸಾವಿರದ ಎಂಟುನೂರು ಮಾತ್ರ ಇದ್ದರೆ, 'ರಾಹೂ ದ್ಯಾ, ಪುಢಚ್ಯಾ ಮಹಿನ್ಯಾತ್ ಬಘೂ' ಅನ್ನುತ್ತಾರೆ. ಇರಲಿ ಬಿಡಿ, ಮುಂದಿನ ತಿಂಗಳು ನೋಡೋಣ ಎಂದರ್ಥ. ವಹಿಯಲ್ಲಿ ಹಳೆಯ ಮೊತ್ತಕ್ಕೆ ಅಡ್ಡಗೆರೆ ಬೀಳುತ್ತದೆ, ಕೆಳಗೆ 'ಬಾಕಿ 200' ಎಂದು ಬರುತ್ತದೆ. ಕನ್ನಡಕ್ಕೂ ಮರಾಠಿಗೂ ಸಮಾನವಾದ ಈ 'ಬಾಕಿ' ಎಂಬ ಪದದಲ್ಲಿ ಒಂದು ಲೆಕ್ಕಪದ್ಧತಿಯೇ ಅಡಗಿದೆ: ಕೊಟ್ಟದ್ದು ಮುಗಿಯಿತು, ಕೊಡದೆ ಉಳಿದದ್ದಷ್ಟೇ ಸಾಲ.

ಕ್ರೆಡಿಟ್ ಕಾರ್ಡಿನ ಬಿಲ್ಲನ್ನೂ ನಾನು ಇದೇ ವಹಿಯ ಕಣ್ಣಿನಿಂದ ಓದುತ್ತಿದ್ದೆ. ಭಾಷಾವಿಜ್ಞಾನ ಓದಿದವರು, ಷರತ್ತುಗಳ ಕರಾರುಗಳನ್ನೇ ಅನುವಾದಿಸಿ ಹೊಟ್ಟೆ ಹೊರೆಯುವವರು ಹಾಗೆ ಓದಬಾರದಿತ್ತು. ಆದರೆ ಓದಿದೆ, ಅದರ ದಂಡ ಕಟ್ಟಿದೆ. ಆ ಲೆಕ್ಕವನ್ನು ಇಲ್ಲಿ ಬಿಡಿಸಿಡುತ್ತೇನೆ. ನನ್ನ ತಕರಾರು ಬಡ್ಡಿಯ ದರದ ಬಗ್ಗೆ ಅಲ್ಲ. ಆ ಬಡ್ಡಿ ಯಾವ ಮೊತ್ತದ ಮೇಲೆ ಬೀಳುತ್ತದೆ ಎಂಬುದನ್ನು ಬಿಲ್ಲು ಹೇಳಬೇಕಾದ ಜಾಗದಲ್ಲಿ ಹೇಳುವುದಿಲ್ಲ ಎಂಬುದರ ಬಗ್ಗೆ.

ನನ್ನ ಕಾರ್ಡಿನ ತಿಂಗಳು 16ಕ್ಕೆ ಶುರುವಾಗಿ ಮುಂದಿನ 15ಕ್ಕೆ ಮುಗಿಯುತ್ತದೆ. ಬಿಲ್ಲು 15ನೇ ತಾರೀಖು, ಕಟ್ಟಲು ಕೊನೆಯ ದಿನ ಅಲ್ಲಿಂದ ಇಪ್ಪತ್ತು ದಿನ. ಮೇ 16ರಂದು ಏನಾದರೂ ಕೊಂಡರೆ ಜುಲೈ 5ರವರೆಗೆ, ಅಂದರೆ ಐವತ್ತು ದಿನ ಬಡ್ಡಿಯಿಲ್ಲ. ಜಾಹೀರಾತಿನಲ್ಲಿ '50 ದಿನಗಳವರೆಗೆ ಬಡ್ಡಿರಹಿತ' ಎಂದು ಬರುವುದು ಇದೇ. ನಾನು ಮೇ 20ರಂದು 42,000 ರೂಪಾಯಿಗೆ ಲ್ಯಾಪ್‌ಟಾಪ್ ಕೊಂಡೆ. ಜೂನ್ 5ರಂದು ಹಲ್ಲಿನ ಡಾಕ್ಟರಿಗೆ 6,000 ಕೊಟ್ಟೆ. ಜೂನ್ 15ರ ಬಿಲ್ಲು 48,000. ಕಟ್ಟಬೇಕಾದ ಕನಿಷ್ಠ ಮೊತ್ತ 2,400 ಎಂದು ಪಕ್ಕದಲ್ಲೇ ಇತ್ತು. ಜೂನ್ 25ರಂದು ಮನೆಗೆ ದಿನಸಿ ತಂದದ್ದು 5,000. ಅದು ಮುಂದಿನ ಬಿಲ್ಲಿಗೆ ಸೇರುವ ಖರ್ಚು.

ಒಂದು ಕೆಲಸದ ಹಣ ಬರುವುದು ತಡವಾಯಿತು. ಜುಲೈ 4ರಂದು, ಕೊನೆಯ ದಿನಕ್ಕೆ ಒಂದು ದಿನ ಮುಂಚೆ, 45,000 ಕಟ್ಟಿದೆ. ಮೂರು ಸಾವಿರ ಉಳಿಯಿತು. ಬಡ್ಡಿ ತಿಂಗಳಿಗೆ ಶೇಕಡಾ 3.5, ವರ್ಷಕ್ಕೆ 42. ಮೂರು ಸಾವಿರಕ್ಕೆ ತಿಂಗಳಿಗೆ ನೂರೈದು ರೂಪಾಯಿ ಎಂದು ಮನಸ್ಸಿನಲ್ಲೇ ಎಣಿಸಿ ಸುಮ್ಮನಾದೆ. ಜುಲೈ 15ರ ಬಿಲ್ಲಿನಲ್ಲಿ ಬಡ್ಡಿ 2,537, ಅದರ ಮೇಲೆ ಶೇಕಡಾ 18ರ ಜಿಎಸ್‌ಟಿ 457. ಒಟ್ಟು 2,994. ಉಳಿಸಿಕೊಂಡ ಬಾಕಿಯಷ್ಟೇ ಬಡ್ಡಿ!

ತಪ್ಪಾಗಿದೆ ಎಂದು ಬ್ಯಾಂಕಿಗೆ ಫೋನು ಮಾಡಿದೆ. ತಪ್ಪಾಗಿರಲಿಲ್ಲ. ಆ ಕಡೆಯ ಹುಡುಗಿ ತಾಳ್ಮೆಯಿಂದಲೇ ಹೇಳಿದಳು: 'ಸರ್, ನೀವು ಪೂರ್ತಿ ಕಟ್ಟಿಲ್ಲವಲ್ಲ, ಹಾಗಾಗಿ ಬಡ್ಡಿರಹಿತ ಅವಧಿ ನಿಮಗೆ ಅನ್ವಯಿಸುವುದಿಲ್ಲ.' ಅಂದು ಸಂಜೆ ಕಾಗದ ಪೆನ್ನು ಹಿಡಿದು ಕೂತೆ.

ಬ್ಯಾಂಕು ನೋಡುವುದು ತಿಂಗಳ ಕೊನೆಯ ಬಾಕಿಯನ್ನಲ್ಲ. ಪ್ರತಿ ದಿನ ನನ್ನ ಹೆಸರಿನಲ್ಲಿ ಎಷ್ಟು ಸಾಲವಿತ್ತು ಎಂಬುದನ್ನು. ಜೂನ್ 16ರಿಂದ 24ರವರೆಗೆ ಒಂಬತ್ತು ದಿನ 48,000 ಇತ್ತು. 25ರಿಂದ ಜುಲೈ 3ರವರೆಗೆ ಮತ್ತೆ ಒಂಬತ್ತು ದಿನ 53,000. ಹಣ ಕಟ್ಟಿದ ಜುಲೈ 4ರಿಂದ 15ರವರೆಗೆ ಹನ್ನೆರಡು ದಿನ 8,000. ಮೂವತ್ತೂ ದಿನದ ಮೊತ್ತಗಳನ್ನು ಕೂಡಿಸಿದರೆ 10,05,000. ಮೂವತ್ತರಿಂದ ಭಾಗಿಸಿದರೆ 33,500. ಸರಾಸರಿ ದೈನಿಕ ಬಾಕಿ ಎನ್ನುವುದು ಇದನ್ನೇ. ತಿಂಗಳ ಕೊನೆಗೆ ಉಳಿದದ್ದು ಎಂಟು ಸಾವಿರವಾದರೂ, ಬಡ್ಡಿಯ ಕಣ್ಣಿಗೆ ನಾನು ತಿಂಗಳಿಡೀ 33,500ರ ಸಾಲಗಾರ. ವರ್ಷಕ್ಕೆ ಶೇಕಡಾ 42ರಂತೆ ಮೂವತ್ತು ದಿನಕ್ಕೆ ಇದರ ಬಡ್ಡಿ 1,156 ರೂಪಾಯಿ.

ಹಾಗಾದರೆ ಉಳಿದ 1,381 ಎಲ್ಲಿಂದ ಬಂತು? ಹಿಂದಿನ ತಿಂಗಳಿಂದ. ಪೂರ್ತಿ ಕಟ್ಟದ ಕಾರಣ ಐವತ್ತು ದಿನದ ರಿಯಾಯಿತಿ ಬಿದ್ದುಹೋಯಿತು. ಬಿದ್ದದ್ದು ಮುಂದಿನ ದಿನಗಳಿಗೆ ಮಾತ್ರವಲ್ಲ, ಕಳೆದುಹೋದ ದಿನಗಳಿಗೂ. ಲ್ಯಾಪ್‌ಟಾಪ್ ಕೊಂಡ ಮೇ 20ರಿಂದ ಜೂನ್ 15ರವರೆಗಿನ 27 ದಿನ, ಡಾಕ್ಟರಿಗೆ ಕೊಟ್ಟ ಜೂನ್ 5ರಿಂದ 11 ದಿನ, ಆಗ ಬಡ್ಡಿಯಿಲ್ಲದೆ ಬಿಟ್ಟಿದ್ದ ಆ ದಿನಗಳಿಗೆಲ್ಲ ಈಗ ಬಡ್ಡಿ ಹತ್ತಿತು. ದಿನಸಿಯ ಐದು ಸಾವಿರಕ್ಕೂ ಕೊಂಡ ದಿನದಿಂದಲೇ ಬಡ್ಡಿ. ಆ ಖರ್ಚಿನ ಬಿಲ್ಲೇ ಇನ್ನೂ ಬಂದಿರಲಿಲ್ಲ. ಹಳೆಯ ಬಾಕಿ ಇರುವವರೆಗೆ ಹೊಸ ಖರೀದಿಗೂ ರಿಯಾಯಿತಿ ಇಲ್ಲ.

ಬ್ಯಾಂಕಿನ ವಾದವನ್ನು ನ್ಯಾಯವಾಗಿ ಹೇಳಬೇಕು. ನಲವತ್ತೆರಡು ಸಾವಿರವನ್ನು ನಲವತ್ತೈದು ದಿನ ನಾನು ಬಳಸಿದ್ದು ನಿಜ. ಪೂರ್ತಿ ತೀರಿಸುವವರಿಗೆ ಅದನ್ನು ಬಿಟ್ಟಿ ಕೊಡುತ್ತೇವೆ, ತೀರಿಸದವರಿಗೆ ಕೊಡುವುದಿಲ್ಲ ಎಂಬುದು ಒಪ್ಪಂದ. ಒಪ್ಪೋಣ. ಆದರೆ ಒಪ್ಪಂದ ಇಬ್ಬರಿಗೂ ಗೊತ್ತಿರಬೇಕು. ರಿಸರ್ವ್ ಬ್ಯಾಂಕು 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ಕಾರ್ಡುಗಳ ನಿರ್ದೇಶನದಲ್ಲಿ ಈ ವಿಷಯವಿದೆ. ಹಿಂದಿನ ಬಿಲ್ಲಿನ ಯಾವುದೇ ಬಾಕಿ ಉಳಿದರೆ ಬಡ್ಡಿರಹಿತ ಅವಧಿ ಅಮಾನತಾಗುತ್ತದೆ ಎಂದು ಮುಖ್ಯ ಷರತ್ತುಗಳ ಪತ್ರ ವಿವರಿಸಬೇಕು, ಅದಕ್ಕೆ ಉದಾಹರಣೆ ಲೆಕ್ಕ ಮಾಡಿ ಕಾರ್ಡಿನೊಂದಿಗೆ ಬರುವ ಲಕೋಟೆಯಲ್ಲೂ ವೆಬ್‌ಸೈಟಿನಲ್ಲೂ ಕೊಡಬೇಕು ಎನ್ನುತ್ತದೆ ಅದು. ನನ್ನ ಬ್ಯಾಂಕೂ ಕೊಟ್ಟಿತ್ತು. ಆ ಲಕೋಟೆಯನ್ನು ನಾನು ಕಾರ್ಡು ತೆಗೆದುಕೊಂಡ ದಿನ ತೆರೆದು, ಕಾರ್ಡು ಹೊರಗೆಳೆದು, ಉಳಿದದ್ದನ್ನು ಕಪಾಟಿಗೆ ಹಾಕಿದ್ದೆ.

ಪ್ರತಿ ತಿಂಗಳ ಬಿಲ್ಲಿನಲ್ಲಿ ಕಡ್ಡಾಯವಾಗಿ ಕಾಣಬೇಕೆಂದು ಅದೇ ನಿರ್ದೇಶನ ಹೇಳುವ ಎಚ್ಚರಿಕೆ ಬೇರೆಯದು: ಕನಿಷ್ಠ ಮೊತ್ತ ಮಾತ್ರ ಕಟ್ಟುತ್ತಾ ಹೋದರೆ ತೀರುವಳಿ ತಿಂಗಳು, ವರ್ಷಗಟ್ಟಲೆ ಎಳೆಯುತ್ತದೆ, ಬಡ್ಡಿ ಬೆಳೆಯುತ್ತದೆ ಎಂದು. ಒಳ್ಳೆಯ ಎಚ್ಚರಿಕೆಯೇ. ಆದರೆ ಅದನ್ನು ಓದಿದಾಗ ನನಗೆ ಅನ್ನಿಸಿದ್ದು, 'ಇದು ನನಗಲ್ಲ, ನಾನು ಕಟ್ಟುತ್ತಿರುವುದು ಕನಿಷ್ಠವಲ್ಲ, ಹೆಚ್ಚುಕಡಿಮೆ ಪೂರ್ತಿ.' ಬಿಲ್ಲಿನ ಶೇಕಡಾ 94 ಕಟ್ಟುವವನಿಗೆ ಎಚ್ಚರಿಕೆಯೇ ಇಲ್ಲ. ಕನಿಷ್ಠ ಮೊತ್ತಕ್ಕಿಂತ ಹೆಚ್ಚು ಕಟ್ಟಿದ್ದರಿಂದ ತಡಪಾವತಿ ಶುಲ್ಕ ಬೀಳಲಿಲ್ಲ. ಆ್ಯಪ್ ಧನ್ಯವಾದ ಹೇಳಿತು. ಜುಲೈ 15ರವರೆಗೆ ಏನೋ ಎಡವಟ್ಟಾಗಿದೆ ಎಂಬ ಸುಳಿವೇ ಸಿಗಲಿಲ್ಲ.

ಇಲ್ಲಿ ಭಾಷೆಯ ಸಮಸ್ಯೆಯೂ ಇದೆ. 'ಬಡ್ಡಿರಹಿತ ಅವಧಿ' ಎಂಬುದು ನಾಮಪದ. ನಾಮಪದದಲ್ಲಿ ಷರತ್ತು ಕಾಣುವುದಿಲ್ಲ. ಅವಧಿ ಇದೆ, ಅಷ್ಟು ದಿನ ಬಡ್ಡಿಯಿಲ್ಲ, ಮುಗಿದ ಮೇಲೆ ಶುರು ಎಂಬಂತೆ ಕೇಳುತ್ತದೆ. ನಿಜವಾಗಿ ಅದು ಒಂದು 'ಕಟ್ಟಿದರೆ' ವಾಕ್ಯ: ಪೂರ್ತಿ ಕಟ್ಟಿದರೆ ಆ ದಿನಗಳ ಬಡ್ಡಿ ಮನ್ನಾ. ಕನ್ನಡದಲ್ಲಿ ಒಂದು 'ರೆ' ಸಾಕು ಇದನ್ನು ಹೇಳಲು. ಷರತ್ತುಗಳು ಸರಳ ಭಾಷೆಯಲ್ಲಿ, ಸಾಧ್ಯವಾದಷ್ಟು ಇಂಗ್ಲಿಷ್, ಹಿಂದಿಯ ಜೊತೆ ಸ್ಥಳೀಯ ಭಾಷೆಯಲ್ಲೂ ಇರಲಿ ಎಂದು ನಿರ್ದೇಶನವೂ ಹೇಳುತ್ತದೆ. ಆದರೆ ಆ 'ರೆ' ಇರಬೇಕಾದದ್ದು ಲಕೋಟೆಯಲ್ಲಲ್ಲ, ಬಿಲ್ಲಿನಲ್ಲಿ, ಒಟ್ಟು ಮೊತ್ತದ ಪಕ್ಕದಲ್ಲೇ.

ದರದ ಬಗ್ಗೆ ನಮ್ಮಲ್ಲಿ ಜಗಳ ಸಾಕಷ್ಟು ನಡೆದಿದೆ. ಬಿಲ್ಲು ಪೂರ್ತಿ ಕಟ್ಟದವರಿಂದ ವರ್ಷಕ್ಕೆ ಶೇಕಡಾ 30ಕ್ಕಿಂತ ಹೆಚ್ಚು ಬಡ್ಡಿ ಪಡೆಯುವುದು ಅನುಚಿತ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ತೀರ್ಪು ಕೊಟ್ಟಿತ್ತು. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿತು. ಬಹಳ ಜನ ಬೇಸರಪಟ್ಟರು. ಆದರೆ ನನ್ನ ಬಿಲ್ಲಿಗೆ ಆ ಶೇಕಡಾ 30 ಹಾಕಿ ನೋಡಿದೆ: ತೆರಿಗೆ ಬಿಟ್ಟು 1,812 ರೂಪಾಯಿ. ಮೂರು ಸಾವಿರದ ಬಾಕಿಗೆ ಅದೂ ವಿಪರೀತವೇ.

ಅಮೆರಿಕದಲ್ಲಿ ಬೇರೆ ದಾರಿ ಹಿಡಿದರು. ಅಲ್ಲಿನ 2009ರ ಕಾಯ್ದೆ, 2010ರ ಫೆಬ್ರುವರಿಯಿಂದ, ಎರಡು ಕೆಲಸಗಳನ್ನು ನಿಷೇಧಿಸಿತು. ರಿಯಾಯಿತಿ ತಪ್ಪಿತೆಂದು ಹಿಂದಿನ ಬಿಲ್ಲಿನ ತಿಂಗಳಿಗೆ ಕೈಹಾಕಿ ಬಡ್ಡಿ ಎಳೆಯುವಂತಿಲ್ಲ. ಗಡುವಿನೊಳಗೆ ಕಟ್ಟಿದ ಭಾಗಕ್ಕೂ ಬಡ್ಡಿ ಹಾಕುವಂತಿಲ್ಲ. ದರವನ್ನು ಅದೇ ಶೇಕಡಾ 42 ಇಟ್ಟುಕೊಂಡು ಈ ಎರಡು ನಿಯಮ ಹಾಕಿದರೆ, ಬಾಕಿ ಮೂರು ಸಾವಿರಕ್ಕೂ ಹೊಸ ದಿನಸಿಗೂ ಸೇರಿ ನನ್ನ ಬಡ್ಡಿ ಸುಮಾರು 224 ರೂಪಾಯಿ. ಕಾಕಾನ ವಹಿಯ ನ್ಯಾಯಕ್ಕೆ ಇದು ಹತ್ತಿರ. ನಾವು ಕೇಳಬೇಕಾದದ್ದು ಇದನ್ನು. ಅಲ್ಲಿಯವರೆಗೆ ಕನಿಷ್ಠ ಆ ಒಂದು ವಾಕ್ಯವನ್ನು: 'ಇದಕ್ಕಿಂತ ಒಂದು ರೂಪಾಯಿ ಕಡಿಮೆ ಕಟ್ಟಿದರೂ, ಪ್ರತಿ ಖರೀದಿಗೂ ಕೊಂಡ ದಿನದಿಂದ ಬಡ್ಡಿ ಬೀಳುತ್ತದೆ.'

ಅದು ಬರುವವರೆಗೆ ಲೆಕ್ಕ ನಾವೇ ಮಾಡಿಕೊಳ್ಳಬೇಕು. ನನಗೆ ಹೊಟ್ಟೆ ಉರಿಸಿದ ಸಂಗತಿ ಒಂದಿದೆ. ಆ 45,000 ಜೂನ್ 20ಕ್ಕೇ ನನ್ನ ಉಳಿತಾಯ ಖಾತೆಯಲ್ಲಿತ್ತು. ಕೊನೆಯ ದಿನದ ಹತ್ತಿರ ಕಟ್ಟುವುದೇ ಜಾಣತನ ಎಂದು ಕಾದಿದ್ದೆ. ಪೂರ್ತಿ ಕಟ್ಟುವವರಿಗೆ ಅದು ಜಾಣತನ ಹೌದು. ಪೂರ್ತಿ ಆಗುವುದಿಲ್ಲ ಎಂದು ಗೊತ್ತಾದ ಮೇಲೆ ಕಾಯುವ ಪ್ರತಿ ದಿನಕ್ಕೂ ಬೆಲೆಯಿದೆ. ಹದಿನಾಲ್ಕು ದಿನ ಮೊದಲೇ ಅದೇ ಹಣ ಕಟ್ಟಿದ್ದರೆ 725 ರೂಪಾಯಿ ಬಡ್ಡಿ ಉಳಿಯುತ್ತಿತ್ತು. ಇನ್ನೂ ಸರಳವಾದದ್ದು, ಮೂರು ಸಾವಿರವನ್ನು ಸ್ನೇಹಿತರೊಬ್ಬರಿಂದ ಒಂದು ವಾರಕ್ಕೆ ಕೈಗಡ ತರುವುದು. ಸಂಕೋಚ ಅಡ್ಡಬಂತು, ಆ ಸಂಕೋಚಕ್ಕೆ 2,994 ಕೊಟ್ಟೆ.

ಕಥೆ ಅಲ್ಲಿಗೂ ಮುಗಿಯಲಿಲ್ಲ. ಜುಲೈ ಬಿಲ್ಲಿನ 10,994 ರೂಪಾಯಿಯನ್ನು ಆಗಸ್ಟ್ 4ರಂದು ಪೈಸೆ ಬಿಡದೆ ಕಟ್ಟಿದೆ, ನಡುವೆ ಕಾರ್ಡು ಮುಟ್ಟಲಿಲ್ಲ. ಆದರೂ ಆಗಸ್ಟ್ 15ರ ಬಿಲ್ಲಿನಲ್ಲಿ 175 ರೂಪಾಯಿ ಬಡ್ಡಿ, 31 ತೆರಿಗೆ. ಜುಲೈ 16ರಿಂದ ಆಗಸ್ಟ್ 3ರವರೆಗಿನ 19 ದಿನ ನನ್ನ ಹೆಸರಿನಲ್ಲಿದ್ದ 8,000ದ ಬಡ್ಡಿ ಅದು. ಬಿಲ್ಲು ಹುಟ್ಟಿದ ದಿನಕ್ಕೂ ಹಣ ತಲುಪಿದ ದಿನಕ್ಕೂ ನಡುವೆ ಬೆಳೆದ ಬಡ್ಡಿ ಮುಂದಿನ ಬಿಲ್ಲಿಗೇ ಬರುತ್ತದೆ. ಇದನ್ನು ತಪ್ಪೆಂದು ಭಾವಿಸಿ ಕಟ್ಟದೆ ಬಿಟ್ಟರೆ ಮತ್ತೆ ಬಾಕಿ ಉಳಿದಂತೆ, ಚಕ್ರ ಮತ್ತೆ ಮೊದಲಿಂದ. ನಾನು ಈ ಸಲ ಕಟ್ಟಿದೆ.

ಅದೇ ವಾರ ಕಾಕಾನ ಅಂಗಡಿಗೆ ಹೋದಾಗ ಹಳೆಯ ಇನ್ನೂರು ರೂಪಾಯಿಯನ್ನೂ ಕೊಟ್ಟೆ. ಅವರು ವಹಿಯಲ್ಲಿ ಅಡ್ಡಗೆರೆ ಎಳೆದರು. ಆ ಗೆರೆಯ ಅರ್ಥ ಇಬ್ಬರಿಗೂ ಗೊತ್ತಿತ್ತು.