ಕಾಳು ಸಾರಿನ ಮೇಲೇಕೆ ಗೂಬೆ?

ಕಾಲಿನ ಹೆಬ್ಬೆರಳು ಊದಿಕೊಂಡು, ರಕ್ತಪರೀಕ್ಷೆಯಲ್ಲಿ ಯೂರಿಕ್ ಆಸಿಡ್ ಜಾಸ್ತಿ ಎಂದು ಬಂದರೆ ಸಾಕು, ಹುಲಿಕೆರೆ, ಹಳೇಬೀಡು ಕಡೆಯ ಮನೆಗಳಲ್ಲಿ ಮೊದಲು ನಿಲ್ಲುವುದು ಹುರುಳಿಕಾಳು ಸಾರು. ಅವರೆಕಾಳು, ತೊಗರಿಬೇಳೆಗೂ ಅದೇ ಶಿಕ್ಷೆ. ಕೊನೆಗೆ ಮುದ್ದೆಗೆ ಉಳಿಯುವುದು ಬರೀ ಉಪ್ಪು-ಖಾರದ ನೀರು. ಈ ಪಥ್ಯ ತಪ್ಪು ಎಂದು ನಾವು ನೇರವಾಗಿಯೇ ಹೇಳುತ್ತೇವೆ.

ಪಥ್ಯ ಹೇಳುವವರ ತರ್ಕ ಹೀಗಿದೆ: ಪ್ಯೂರಿನ್ ಎಂಬ ವಸ್ತು ದೇಹದಲ್ಲಿ ಒಡೆದು ಯೂರಿಕ್ ಆಸಿಡ್ ಆಗುತ್ತದೆ, ಕಾಳಿನಲ್ಲಿ ಪ್ಯೂರಿನ್ ಇದೆ, ಆದ್ದರಿಂದ ಕಾಳು ಬೇಡ. ಮೊದಲೆರಡು ಮಾತು ನಿಜ. ಆದರೆ ಎಷ್ಟಿದೆ ಎಂದು ಯಾರೂ ಕೇಳುವುದಿಲ್ಲ. 100 ಗ್ರಾಂ ಒಣ ಮಸೂರ ಬೇಳೆಯಲ್ಲಿ ಸುಮಾರು 75 ಮಿಲಿಗ್ರಾಂ ಪ್ಯೂರಿನ್ ಇದ್ದರೆ, ಅಷ್ಟೇ ತೂಕದ ಕೋಳಿ ಲಿವರ್‌ನಲ್ಲಿ ಸುಮಾರು 300, ಬೂತಾಯಿ ಜಾತಿಯ ಮೀನಿನಲ್ಲಿ 200ರಷ್ಟು ಇರುತ್ತದೆ. ಒಣಗಿಸಿದ ಸಣ್ಣ ಮೀನಿನಲ್ಲಿ ಇನ್ನೂ ಹೆಚ್ಚು. ಒಬ್ಬರ ಪಾಲಿನ ಸಾರಿಗೆ ಬೀಳುವ ಬೇಳೆ 40 ಗ್ರಾಂ ಎಂದುಕೊಂಡರೆ ಪ್ಯೂರಿನ್ 30 ಮಿಲಿಗ್ರಾಂ. ಅಂದರೆ 100 ಗ್ರಾಂ ಲಿವರ್ ಫ್ರೈ, ಹತ್ತು ಊಟದ ಬೇಳೆ ಸಾರಿಗೆ ಸಮ.

ಇದು ಬರೀ ಕಾಗದದ ಲೆಕ್ಕವಲ್ಲ. ಅಮೆರಿಕದಲ್ಲಿ 47,000ಕ್ಕೂ ಹೆಚ್ಚು ಗಂಡಸರನ್ನು 12 ವರ್ಷ ಗಮನಿಸಿದ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ಮಾಂಸ ಮತ್ತು ಮೀನು ಹೆಚ್ಚು ತಿಂದವರಲ್ಲಿ ಗೌಟ್ ಹೆಚ್ಚಿತ್ತು. ಪ್ಯೂರಿನ್ ಇರುವ ಕಾಳು, ತರಕಾರಿ ತಿಂದವರಲ್ಲಿ ಹೆಚ್ಚಿರಲಿಲ್ಲ. ಹಾಲು-ಮೊಸರು ಹೆಚ್ಚು ಬಳಸಿದವರಲ್ಲಿ ಕಡಿಮೆಯೇ ಇತ್ತು.

ಇನ್ನೊಂದು ವಿಚಿತ್ರ ನೋಡಿ. ಹುರುಳಿ ಬಿಡಿಸುವವರು ಬಿಯರ್ ಬಗ್ಗೆ, ಬಾಟಲಿಯ ಸಿಹಿ ಪಾನೀಯದ ಬಗ್ಗೆ ಚಕಾರ ಎತ್ತುವುದಿಲ್ಲ. ಮದ್ಯವು ಯೂರಿಕ್ ಆಸಿಡ್ ಮೂತ್ರದಲ್ಲಿ ಹೊರಹೋಗುವುದಕ್ಕೆ ಅಡ್ಡಿ ಮಾಡುತ್ತದೆ. ಪಾನೀಯದ ಸಕ್ಕರೆಯಲ್ಲಿರುವ ಫ್ರಕ್ಟೋಸ್‌ನಿಂದ ದೇಹವೇ ಯೂರಿಕ್ ಆಸಿಡ್ ಹೆಚ್ಚು ತಯಾರಿಸುತ್ತದೆ.

ಪಥ್ಯಕ್ಕೂ ಒಂದು ಮಿತಿ ಇದೆ. ಯೂರಿಕ್ ಆಸಿಡ್‌ನ ಹೆಚ್ಚಿನ ಪಾಲು ದೇಹದೊಳಗೇ ಹುಟ್ಟುತ್ತದೆ, ಊಟದಿಂದ ಬರುವುದು ಸುಮಾರು ಮೂರನೇ ಒಂದು ಭಾಗ. ಗೌಟ್ ಇರುವ ಬಹುಪಾಲು ಜನರಲ್ಲಿ ತೊಂದರೆ ಇರುವುದು ಮೂತ್ರಪಿಂಡ ಅದನ್ನು ಸಾಕಷ್ಟು ಹೊರಹಾಕದಿರುವುದರಲ್ಲಿ. ಕಟ್ಟುನಿಟ್ಟಾಗಿ ಪಥ್ಯ ಮಾಡಿದರೂ ಇಳಿಯುವುದು ಸುಮಾರು 1 ಅಂಕ. ರಿಪೋರ್ಟಿನಲ್ಲಿ 9 ಇದ್ದವರಿಗೆ 8 ಆಗಬಹುದು. ಕೀಲಿನಲ್ಲಿ ಕೂತ ಹರಳು ಕರಗಲು ಅದು 6ಕ್ಕಿಂತ ಕೆಳಗಿರಬೇಕು. ಪದೇ ಪದೇ ನೋವು ಬರುವವರನ್ನು ಅಲ್ಲಿಗೆ ತಲುಪಿಸುವುದು ವೈದ್ಯರು ಕೊಡುವ ಅಲೋಪ್ಯೂರಿನಾಲ್‌ನಂಥ ಮಾತ್ರೆಯೇ. ನೋವು ಹೋಯಿತೆಂದು ಅದನ್ನು ನಿಲ್ಲಿಸಿದರೆ ಅಂಕ ಮತ್ತೆ ಏರುತ್ತದೆ.

ನೋವೇ ಇಲ್ಲದೆ, ರಿಪೋರ್ಟಿನಲ್ಲಿ ಮಾತ್ರ ಅಂಕ ಏರಿದ್ದರೆ ಅದು ಗೌಟ್ ಅಲ್ಲ. ಅಂಥವರಲ್ಲಿ ಹೆಚ್ಚಿನವರಿಗೆ ಗೌಟ್ ಬರುವುದೇ ಇಲ್ಲ. ಮೂತ್ರಪಿಂಡದ ಕಾಯಿಲೆ ಇರುವವರ ಊಟದ ಲೆಕ್ಕ ಬೇರೆ, ಅದನ್ನು ಅವರ ವೈದ್ಯರೇ ಹೇಳಬೇಕು.

ಪಥ್ಯದ ಚೀಟಿ ಬರೆಯುವವರಿಗೆ ನಮ್ಮದು ಒಂದೇ ಮಾತು: ಲಿವರ್, ಕಿಡ್ನಿ, ಒಣಮೀನು, ಬಿಯರ್, ಸಿಹಿ ಪಾನೀಯ ಎಂದು ಬರೆಯಿರಿ. ಕಾಳನ್ನು ಪಟ್ಟಿಯಿಂದ ಹೊಡೆದುಹಾಕಿ. ಬಾಡೂಟ ವಾರಕ್ಕೋ ಹಬ್ಬಕ್ಕೋ ಆಗುವ ಮನೆಯಲ್ಲಿ ದಿನನಿತ್ಯದ ಪ್ರೋಟೀನ್ ಅಂದರೆ ಆ ಸಾರೇ.