ಜಾಹೀರಾತಿನ ಪಚ್ಚೆ

ಮುಂದಿನ ಸಂಚಿಕೆಯಲ್ಲಿ ಒಂದು ಪೂರ್ಣ ಪುಟವನ್ನು ತಮ್ಮ ಪಚ್ಚೆಯ ಓಲೆಗಳಿಗಾಗಿ ಮೀಸಲಿಡಬೇಕೆಂದು ಒಡವೆಯ ವ್ಯಾಪಾರಿಗಳೊಬ್ಬರು ನಮ್ಮನ್ನು ಕೇಳಿದ್ದರು. ಮುಂಗಡ ಹಣವನ್ನೂ ಕಳುಹಿಸಿದ್ದರು. ಅನಂತರ ಬಂದ ಚಿತ್ರವನ್ನು ಕಂಡು, ಇದನ್ನು ಅಚ್ಚು ಹಾಕಲಾರೆವೆಂದು ನಾವು ಅವರಿಗೆ ಇ-ಮೇಲ್ ಬರೆಯಬೇಕಾಯಿತು. ಅಂಗಡಿಯ ಮೆಟ್ಟಿಲು ಹತ್ತದೆ ಬರಿಯ ಚಿತ್ರವನ್ನು ನೋಡಿಯೇ ಒಡವೆ ತರಿಸುವ ಪದ್ಧತಿಯು ನಮ್ಮ ಮನೆಗಳಲ್ಲಿ ಈಗ ಬೆಳೆದಿರುವುದರಿಂದ, ಆ ಪತ್ರವನ್ನು ವಾಚಕರ ಮುಂದಿಡುವುದು ಯುಕ್ತವೆಂದು ತೋರಿತು. ವ್ಯಾಪಾರಿಗಳ ಹೆಸರು ಇಲ್ಲಿ ಬೇಕಿಲ್ಲ. ಅವರಲ್ಲಿರುವ ಹರಳುಗಳು ನಿಜವಾದವು; ತಕರಾರು ಇದ್ದುದು ಚಿತ್ರದ ಮೇಲೆ ಮಾತ್ರ.

ಅದು ಛಾಯಾಚಿತ್ರವಲ್ಲ. ಇಂಥದು ಬೇಕೆಂದು ಮಾತಿನಲ್ಲಿ ಹೇಳಿದರೆ ಚಿತ್ರವನ್ನು ತಾನೇ ಕಲ್ಪಿಸಿಕೊಡುವ ಕೃತಕ ಬುದ್ಧಿಮತ್ತೆಯಿಂದ ಮಾಡಿಸಿದ್ದೆಂದು ಅವರೇ ಮುಚ್ಚುಮರೆಯಿಲ್ಲದೆ ತಿಳಿಸಿದ್ದರು. ಒಬ್ಬ ತರುಣಿಯ ಕಿವಿ, ಅದರಲ್ಲಿ ದುಂಡನೆಯ ಪಚ್ಚೆ, ಸುತ್ತಲೂ ಸಣ್ಣ ವಜ್ರಗಳು. ಜೊತೆಗೆ ಮಾರಾಟಕ್ಕಿರುವ ಸರಕಿನ ಪಟ್ಟಿಯೂ ಇದ್ದಿತು. ಅದರಂತೆ ಹರಳಿನ ಅಡ್ಡಳತೆ 6 ಮಿಲಿಮೀಟರು, ತೂಕ ಸುಮಾರು ಮುಕ್ಕಾಲು ಕ್ಯಾರೆಟ್. ನಾವು ಅಡಿಪಟ್ಟಿಯನ್ನು ಹಿಡಿದು ಚಿತ್ರವನ್ನು ಅಳೆದೆವು. ವಯಸ್ಕ ಹೆಂಗಸಿನ ಕಿವಿಯ ಎತ್ತರ ಸುಮಾರು 60 ಮಿಲಿಮೀಟರು ಎಂದು ಹಿಡಿದರೆ, ಹರಳು ಅದರ ಹತ್ತರಲ್ಲೊಂದು ಪಾಲು ಇರಬೇಕು. ಚಿತ್ರದಲ್ಲಿ ಅದು ಇಪ್ಪತ್ತರಲ್ಲಿ ಮೂರು ಪಾಲು ಇದ್ದಿತು. ಎಂದರೆ 9 ಮಿಲಿಮೀಟರು. ನಾವು ಬರೆದ ಪತ್ರವಿದು:

“ಮಾನ್ಯರೆ,

ತಾವು ಕಳುಹಿಸಿದ ಚಿತ್ರವು ತಲುಪಿತು. ಅದನ್ನು ನಮ್ಮ ಪತ್ರಿಕೆಯಲ್ಲಿ ಪ್ರಕಟಿಸಲು ಸಾಧ್ಯವಿಲ್ಲವೆಂದು ತಿಳಿಸಲು ವಿಷಾದಿಸುತ್ತೇವೆ. ಕಾರಣಗಳನ್ನು ಬಿಚ್ಚಿ ಹೇಳುವುದು ನಮ್ಮ ಕರ್ತವ್ಯ.

6 ಮಿಲಿಮೀಟರಿನ ಹರಳನ್ನು 9 ಮಾಡಿ ತೋರಿಸಿದರೆ ನೋಡುವವರಿಗೆ ಅದು ಒಂದೂವರೆ ಪಟ್ಟಿನ ಮಾತು. ಆದರೆ ಹರಳಿಗೆ ಅಗಲದಂತೆ ಆಳವೂ ಉಂಟು. ಉದ್ದ, ಅಗಲ, ಆಳ ಮೂರೂ ಒಂದೂವರೆ ಪಟ್ಟಾದಾಗ ತೂಕವು ಮೂರು ಪಟ್ಟನ್ನು ಮೀರುವುದು. ತಮ್ಮ ಮುಕ್ಕಾಲು ಕ್ಯಾರೆಟಿನ ಪಚ್ಚೆ ಚಿತ್ರದಲ್ಲಿ ಎರಡೂವರೆ ಕ್ಯಾರೆಟ್ ಆಗಿದೆ. ಹರಳು ದೊಡ್ಡದಾದಂತೆ ಒಂದೊಂದು ಕ್ಯಾರೆಟಿನ ದರವೂ ಏರುವುದೆಂಬುದನ್ನು ತಮಗೆ ನಾವು ಹೇಳಬೇಕಾಗಿಲ್ಲ. ಚಿತ್ರದ ಹರಳನ್ನು ಕೆಳಗೆ ಬರೆದ ಬೆಲೆಗೆ ತಾವು ಯಾರಿಗೂ ಕೊಡಲಾರಿರಿ.

ಎರಡನೆಯದು ಇದಕ್ಕಿಂತ ಗುರುತರವಾದುದು. ಚಿತ್ರದ ಪಚ್ಚೆಯಲ್ಲಿ ಒಂದು ಗೆರೆಯಿಲ್ಲ, ಒಂದು ಚುಕ್ಕೆಯಿಲ್ಲ, ತಿಳಿನೀರಿನಂತಿದೆ. ಭೂಮಿಯಲ್ಲಿ ಹುಟ್ಟಿದ ಪಚ್ಚೆ ಹಾಗಿರುವುದು ಅತ್ಯಂತ ವಿರಳ. ಮುಕ್ಕಾಲು ಕ್ಯಾರೆಟಿನ ಓಲೆಯ ಬೆಲೆಗೆ ಅಂಥದು ದೊರೆಯಲಾರದು. ತಮ್ಮಲ್ಲಿ ಓಲೆ ಕೊಂಡ ಗೃಹಿಣಿಯು ಪೆಟ್ಟಿಗೆ ತೆರೆದು, ಹರಳಿನೊಳಗೆ ಎಳೆಯಂಥ ಗೆರೆಗಳನ್ನು ಕಂಡು, ‘ಇದು ಒಡಕು ಹರಳು, ಮೋಸ’ ಎಂದು ಹಿಂದಿರುಗಿಸಿದರೆ ಅದು ಆಕೆಯ ತಪ್ಪೆನ್ನಲಾಗದು. ನಿಜವಾದ ಪಚ್ಚೆಯನ್ನು ಸುಳ್ಳೆಂದು ಶಂಕಿಸಲು ಆಕೆಗೆ ಕಲಿಸಿದವರು ನಾವೂ ನೀವೂ ಆಗುವೆವು.

ಆದುದರಿಂದ ಇರುವ ಓಲೆಯ ಛಾಯಾಚಿತ್ರವನ್ನೇ ತೆಗೆಸಿ ಕಳುಹಿಸಬೇಕು. ಧೂಳನ್ನು ಅಳಿಸಬಹುದು, ಹಿನ್ನೆಲೆಯನ್ನು ಬಿಳುಪು ಮಾಡಬಹುದು, ಕ್ಯಾಮರಾ ಕೆಡಿಸಿದ ಹಸುರನ್ನು ಹರಳಿನ ಪಕ್ಕದಲ್ಲಿಟ್ಟು ನೋಡಿ ಸರಿಪಡಿಸಬಹುದು. ಕಣ್ಣಿಗೆ ಚೆನ್ನಾಗಿ ಕಾಣಲೆಂದು ದೊಡ್ಡದು ಮಾಡಿದರೂ ಆಕ್ಷೇಪಣೆಯಿಲ್ಲ. ‘ನಿಜದ ಅಳತೆಯ ಇಷ್ಟು ಪಟ್ಟು’ ಎಂದು ಅದರ ಕೆಳಗೇ ಓದಲಾಗುವ ಅಕ್ಷರದಲ್ಲಿ ಬರೆದು, ಮಿಲಿಮೀಟರನ್ನೂ ಕ್ಯಾರೆಟನ್ನೂ ಕಾಣಿಸಬೇಕು. ಹರಳಿಗೆ ಎಣ್ಣೆ ಹಿಡಿಸಿದ್ದರೆ ಅದನ್ನೂ ಹೇಳತಕ್ಕದ್ದು. ಪುಟವನ್ನು 20ನೆಯ ತಾರೀಖಿನವರೆಗೆ ತಮಗಾಗಿಯೇ ಇಟ್ಟಿರುತ್ತೇವೆ. ಬೇಡವೆಂದರೆ ಮುಂಗಡವನ್ನು ಪೂರ್ತಿಯಾಗಿ ಹಿಂದಿರುಗಿಸುವೆವು.”

ಪತ್ರದಲ್ಲಿ ಬಂದ ಗೆರೆಗಳ ಮಾತನ್ನೂ ಎಣ್ಣೆಯ ಮಾತನ್ನೂ ವಾಚಕರಿಗಾಗಿ ಸ್ವಲ್ಪ ವಿಸ್ತರಿಸುವೆವು. ಪಚ್ಚೆಯು ನೆಲದೊಳಗೆ ಬೆಳೆಯುವಾಗಲೇ ನೀರಿನ ಹನಿ, ಅನಿಲದ ಗುಳ್ಳೆ, ಬೇರೆ ಖನಿಜದ ಕಣ ಇವುಗಳನ್ನು ತನ್ನಲ್ಲಿ ಸೆರೆಹಿಡಿಯುವುದು. ಸಣ್ಣ ಬಿರುಕುಗಳೂ ಉಂಟಾಗುವುವು. ಕೊಲಂಬಿಯದ ಕೆಲವು ಹರಳುಗಳಲ್ಲಿ ಒಂದೇ ಪುಟ್ಟ ಪೊಟರೆಯೊಳಗೆ ದ್ರವ, ಗುಳ್ಳೆ, ಉಪ್ಪಿನ ಹರಳು ಮೂರನ್ನೂ ಸೂಕ್ಷ್ಮದರ್ಶಕದಲ್ಲಿ ಕಾಣಬಹುದು. ಫ್ರೆಂಚರು ಈ ಒಳಚಿತ್ರವನ್ನು ‘ತೋಟ’ ಎಂದು ಕರೆಯುವರು. ಪಾಚಿಯ ಎಳೆ ಹಬ್ಬಿದಂತೆ ಕಾಣುವುದರಿಂದ ಹೆಸರು ಒಪ್ಪುತ್ತದೆ. ವಜ್ರವನ್ನು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರದಲ್ಲಿ ನೋಡಿ ದರ್ಜೆ ಕಟ್ಟುವರು. ಪಚ್ಚೆಗೆ ಅಷ್ಟು ಕಟ್ಟುನಿಟ್ಟು ಸಲ್ಲದು; ಬರಿಗಣ್ಣಿಗೆ ನಿರ್ಮಲವಾಗಿ ಕಂಡರೆ ಅದೇ ಉತ್ತಮವೆಂದು ವ್ಯಾಪಾರದಲ್ಲಿ ಎಣಿಸುತ್ತಾರೆ. ಅಗ್ಗದ ಬೆಲೆಗೆ ತೀರ ನಿರ್ಮಲವಾದ ಹಸುರು ಹರಳು ಬಂದಿತೆಂದರೆ, ಅದು ಗಾಜೋ ಪ್ರಯೋಗಶಾಲೆಯಲ್ಲಿ ಬೆಳೆಸಿದ್ದೋ ಎಂದು ಪರೀಕ್ಷೆ ಮಾಡಿಸುವುದು ಒಳ್ಳೆಯದು.

ಮೇಲ್ಮೈವರೆಗೆ ಬಂದ ಬಿರುಕುಗಳು ಕಾಣದಂತೆ ಬಣ್ಣವಿಲ್ಲದ ಎಣ್ಣೆಯನ್ನೋ ರಾಳವನ್ನೋ ಹಿಡಿಸುವುದು ಈ ವ್ಯಾಪಾರದಲ್ಲಿ ಬಹುಕಾಲದಿಂದ ನಡೆದುಬಂದ ರೂಢಿ. ಮಾರುಕಟ್ಟೆಯ ಬಹುಪಾಲು ಪಚ್ಚೆಗಳಿಗೆ ಇದು ಆಗಿರುವುದು. ತಿಳಿಸಿ ಮಾಡಿದರೆ ಇದು ಮೋಸವಲ್ಲ. ಆದರೆ ಆ ಎಣ್ಣೆ ಕಾಲಕ್ರಮದಲ್ಲಿ ಆರಬಹುದು. ಬಿಸಿನೀರಿನಲ್ಲಿ ನೆನೆಸಿದರೆ ಅಥವಾ ಅಂಗಡಿಯ ಶಬ್ದಾತೀತ ಯಂತ್ರದಲ್ಲಿ ತೊಳೆದರೆ ಹೊರಟುಹೋಗಬಹುದು. ಆಗ ನಿನ್ನೆ ಇಲ್ಲದ ಗೆರೆ ಇಂದು ಕಾಣಿಸಿಕೊಂಡು, ಮನೆಯವರು ಹರಳೇ ಒಡೆಯಿತೆಂದು ಗಾಬರಿಯಾಗುತ್ತಾರೆ. ಪಚ್ಚೆಯ ಓಲೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದ ಮೆತ್ತನೆಯ ಬಟ್ಟೆಯಿಂದ ಒರೆಸಿದರೆ ಸಾಕು.

ವ್ಯಾಪಾರಿಗಳು ಮರುದಿನವೇ ದೂರವಾಣಿಯಲ್ಲಿ ಮಾತನಾಡಿದರು. ಜಾಹೀರಾತೆಂದ ಮೇಲೆ ಅಲಂಕಾರ ಇದ್ದೇ ಇರುತ್ತದೆ, ಹಿಂದೆ ಚಿತ್ರಕಾರರು ಬರೆದುಕೊಟ್ಟ ಒಡವೆಗಳೂ ಹೀಗೆಯೇ ಇರಲಿಲ್ಲವೇ ಎಂಬುದು ಅವರ ವಾದ. ಮಾತಿನಲ್ಲಿ ಸ್ವಲ್ಪ ಹುರುಳಿದೆ. ಆದರೆ ಕುಂಚದ ಚಿತ್ರವನ್ನು ಕಂಡವರು ಅದು ಚಿತ್ರವೆಂದೇ ಅರಿಯುವರು. ಇದನ್ನು ಕಂಡವರು ಅಂಗಡಿಯ ಓಲೆಯೇ ಎಂದು ನಂಬುವರು. ವಸ್ತುವಿನ ಸ್ವರೂಪ, ಪರಿಮಾಣ, ಗುಣ ಇವುಗಳ ವಿಷಯದಲ್ಲಿ ತಪ್ಪು ತಿಳಿವಳಿಕೆ ಹುಟ್ಟಿಸುವಂಥ ಜಾಹೀರಾತನ್ನು 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ದಾರಿತಪ್ಪಿಸುವ ಜಾಹೀರಾತೆಂದೇ ಎಣಿಸುವುದೆಂದು ಅವರಿಗೆ ನೆನಪು ಮಾಡಿಕೊಟ್ಟೆವು. ಪ್ರಕಟಿಸಿದವರೂ ಆ ಕಾಯಿದೆಯ ಕೈಗೆ ಎಟುಕದವರೇನಲ್ಲ.

ಆ ಚಿತ್ರದಲ್ಲಿ ಇನ್ನೂ ಒಂದು ವಿನೋದವಿದ್ದಿತು. ಹರಳನ್ನು ಹಿಡಿಯುವ ಚಿನ್ನದ ಕೊಕ್ಕೆಗಳು ಒಂದು ಕಡೆ ಹರಳಿನೊಳಕ್ಕೇ ಕರಗಿಹೋಗಿದ್ದವು. ಸುತ್ತಲಿನ ವಜ್ರಗಳು ಎಡಕ್ಕೆ ಒಂದಳತೆ, ಬಲಕ್ಕೆ ಒಂದಳತೆ. ಹರಳಿನ ಪಟ್ಟೆಗಳ ಅಂಚುಗಳು ಒಂದಕ್ಕೊಂದು ಕೂಡುತ್ತಿರಲಿಲ್ಲ. ಇದನ್ನು ತೋರಿಸಿಕೊಟ್ಟಾಗ ವ್ಯಾಪಾರಿಗಳೇ ನಕ್ಕರು. ತಮ್ಮ ಅಕ್ಕಸಾಲಿಗನು ಹೀಗೆ ಕಟ್ಟಿದ್ದರೆ ಅಂದೇ ಮನೆಗೆ ಕಳುಹಿಸುತ್ತಿದ್ದೆನೆಂದರು. ಆದರೆ ಇಂಥ ಗುರುತುಗಳನ್ನೇ ನಂಬಿ ಕುಳಿತಿರುವಂತಿಲ್ಲ. ಈ ಚಿತ್ರಗಳು ದಿನದಿನಕ್ಕೂ ತಿದ್ದಿಕೊಳ್ಳುತ್ತಿವೆ. ನಾಳೆ ಕೊಕ್ಕೆ ನೆಟ್ಟಗಿರಬಹುದು. ಮಿಲಿಮೀಟರು, ಕ್ಯಾರೆಟು, ಎಣ್ಣೆಯ ವಿಚಾರ ಈ ಮೂರನ್ನು ಬರಹದಲ್ಲಿ ಕೇಳಿ ಪಡೆಯುವುದೇ ಕೊಳ್ಳುವವರಿಗೆ ಉಳಿದ ದಾರಿ.

18ನೆಯ ತಾರೀಖಿನಂದು ಓಲೆಯ ಛಾಯಾಚಿತ್ರ ಬಂದಿತು. ಹರಳಿನ ಬಲ ಅಂಚಿನಲ್ಲಿ ಓರೆಯಾದ ಒಂದು ಗೆರೆ ಕಾಣುತ್ತದೆ. ಕೆಳಗೆ ‘ನಿಜದ ಅಳತೆಯ ನಾಲ್ಕು ಪಟ್ಟು’ ಎಂದಿದೆ. ಅದೇ ಪುಟದಲ್ಲಿ ಹಾಕಬೇಕೆಂದಿದ್ದ ಪದಕದ ಚಿತ್ರವನ್ನು ಮಾತ್ರ ಅವರು ಬದಲಿಸಲು ಒಪ್ಪಲಿಲ್ಲ. ಅದರ ಸ್ಥಳದ ಹಣವನ್ನು ಹಿಂದಕ್ಕೆ ಕಳುಹಿಸಿರುತ್ತೇವೆ.