ಒಂದೇ ಮನೆ, ನಾಲ್ಕು ಮೆಟ್ಟಿಲು

ನಮಗೆ ಪರಿಚಿತವಾದ ಮನೆತನದ ಯುವಕನೊಬ್ಬನು ಬೆಳಗಾವಿಯ ಎರಕದ ಕಾರ್ಖಾನೆಯೊಂದರಲ್ಲಿ 2012ರಿಂದ ದುಡಿಯುತ್ತಿದ್ದಾನೆ. ಇತ್ತೀಚೆಗೆ ಬೇರೆಡೆಗೆ ಅರ್ಜಿ ಹಾಕಲು ಸ್ವವಿವರ ಪತ್ರವನ್ನು ಸಿದ್ಧಪಡಿಸಿ, ಒಮ್ಮೆ ನೋಡಿಕೊಡಿರೆಂದು ನಮ್ಮ ಕೈಗಿತ್ತನು. ಓದಿ ನೋಡಲು, ಆತನು ನಾಲ್ಕು ಕಡೆ ಕೆಲಸ ಬದಲಿಸಿದವನಂತೆ ನಮಗೇ ತೋರಿತು!

ಕಾರಣವಿಷ್ಟೇ. ಪ್ರತಿ ಬಡ್ತಿಗೂ ಆತನು ಕಂಪನಿಯ ಹೆಸರನ್ನು ಹೊಸದಾಗಿ ಬರೆದು, ಅದರ ಕೆಳಗೆ ಹುದ್ದೆಯನ್ನು ನಮೂದಿಸಿದ್ದನು. 2016ರಲ್ಲಿ ಕಂಪನಿಯ ಹೆಸರು ಬದಲಾಗಿದ್ದುದರಿಂದ ಮೊದಲೆರಡು ಕಡೆ ಹಳೆಯ ಹೆಸರು, ಉಳಿದೆರಡು ಕಡೆ ಹೊಸ ಹೆಸರು ಬಂದಿತ್ತು. ತಿಂಗಳುಗಳನ್ನು ಬಿಟ್ಟು ಬರಿಯ ಇಸವಿಗಳನ್ನು ಬರೆದಿದ್ದುದರಿಂದ ನಡುವೆ ಆತನು ಎಷ್ಟು ಕಾಲ ಖಾಲಿಯಿದ್ದನೋ ಎಂಬ ಸಂಶಯಕ್ಕೂ ಎಡೆಯಿತ್ತು. ಅರ್ಜಿಗಳ ರಾಶಿಯನ್ನು ಮುಂದಿಟ್ಟುಕೊಂಡ ಅಧಿಕಾರಿಯು ಮೊದಲ ನೋಟದಲ್ಲಿ ಹೆಸರು ಹಾಗೂ ದಿನಾಂಕಗಳ ಮೇಲೆ ಮಾತ್ರ ಕಣ್ಣಾಡಿಸುತ್ತಾನೆ. ಎಲ್ಲಿಯೂ ನಿಲ್ಲದವನೆಂದು ಅವನಿಗೆ ತೋರಿದರೆ, ದೀರ್ಘ ನಿಷ್ಠೆಯೇ ದೋಷವಾಗಿ ಪರಿಣಮಿಸುತ್ತದೆ.

ಪರಿಹಾರ ಸುಲಭವಾದುದು. ಸಂಸ್ಥೆಯ ಹೆಸರನ್ನು ಒಂದೇ ಸಲ ಬರೆಯಬೇಕು. ಅದರ ಎದುರಿಗೆ ಒಟ್ಟು ಸೇವಾವಧಿಯನ್ನು ತೋರಿಸಬೇಕು. ಹುದ್ದೆಗಳನ್ನು ಅದರ ಕೆಳಗೆ, ಇತ್ತೀಚಿನದು ಮೇಲೆ ಬರುವಂತೆ, ತಿಂಗಳು ಸಹಿತ ಜೋಡಿಸಬೇಕು. ಆ ಯುವಕನ ಪತ್ರವನ್ನು ನಾವು ಹೀಗೆ ತಿದ್ದಿದೆವು:

ಕಂಪನಿಯ ಇಂದಿನ ಹೆಸರು (2016ರವರೆಗೆ ಹಳೆಯ ಹೆಸರು), ಬೆಳಗಾವಿ: ಜುಲೈ 2012ರಿಂದ ಇಂದಿನವರೆಗೆ
• ಸಹಾಯಕ ಮ್ಯಾನೇಜರ್, ಗುಣಮಟ್ಟ ವಿಭಾಗ: ಏಪ್ರಿಲ್ 2021ರಿಂದ
• ಹಿರಿಯ ಎಂಜಿನಿಯರ್, ಉತ್ಪಾದನೆ: ಏಪ್ರಿಲ್ 2017ರಿಂದ ಮಾರ್ಚ್ 2021
• ಎಂಜಿನಿಯರ್, ಉತ್ಪಾದನೆ: ಜುಲೈ 2013ರಿಂದ ಮಾರ್ಚ್ 2017
• ತರಬೇತಿ ಎಂಜಿನಿಯರ್: ಜುಲೈ 2012ರಿಂದ ಜೂನ್ 2013

ಒಂದು ಹುದ್ದೆ ಮುಗಿದ ಮರುತಿಂಗಳೇ ಇನ್ನೊಂದು ಆರಂಭವಾಗಿರುವುದರಿಂದ ಎಲ್ಲಿಯೂ ಬಿರುಕು ಕಾಣದು.

ಇನ್ನು, ಮಾಡಿದ ಕೆಲಸವನ್ನು ಎಲ್ಲಿ ಬರೆಯಬೇಕು? ಹುದ್ದೆಯ ಹೆಸರು ಬದಲಾಗಿಯೂ ಕೆಲಸದ ಸ್ವರೂಪ ಬದಲಾಗದಿದ್ದರೆ, ಹುದ್ದೆಗಳನ್ನು ಒಟ್ಟಿಗೆ ಬರೆದು, ಸಾಧನೆಗಳನ್ನು ಅವುಗಳ ಕೆಳಗೆ ಒಂದೇ ಪಟ್ಟಿಯಾಗಿ ಕೊಡುವುದು ಲೇಸು. ಕೆಲಸ ಬೇರೆಯಾಗಿದ್ದರೆ ಪ್ರತಿ ಹುದ್ದೆಗೂ ಅದರದೇ ಸಾಲುಗಳಿರಬೇಕು. ಈ ಯುವಕನು ಉತ್ಪಾದನೆಯಿಂದ ಗುಣಮಟ್ಟಕ್ಕೆ ಬಂದವನಾದುದರಿಂದ ಇತ್ತೀಚಿನ ಹುದ್ದೆಗೆ ನಾಲ್ಕು ಸಾಲು, ಉತ್ಪಾದನೆಯ ಎರಡು ಹುದ್ದೆಗಳಿಗೆ ಸೇರಿ ಮೂರು ಸಾಲು ಕೊಟ್ಟೆವು. ತರಬೇತಿಯ ಅವಧಿಗೆ ದಿನಾಂಕವಷ್ಟೇ ಸಾಕಾಯಿತು. "ಬಡ್ತಿ ಪಡೆದೆನು" ಎಂದಷ್ಟೇ ಬರೆದಿದ್ದ ಕಡೆ, "ಒಂದು ಪಾಳಿಯ ಹೊಣೆಯಿಂದ ಮೂರೂ ಪಾಳಿಗಳ ಹೊಣೆಗೆ ಬಡ್ತಿ" ಎಂದು ಬರೆಯಿಸಿದೆವು. ಹೊಣೆ ಎಷ್ಟು ಬೆಳೆಯಿತೆಂಬುದೇ ಓದುವವನಿಗೆ ಬೇಕಾದ ಸಂಗತಿ.

ಅರ್ಜಿಯನ್ನು ಕಂಪ್ಯೂಟರಿನ ನಮೂನೆಯಲ್ಲಿ ತುಂಬುವಾಗ ಮಾತ್ರ ಕ್ರಮ ಬೇರೆ. ಅಲ್ಲಿ ಸಾಮಾನ್ಯವಾಗಿ ಪ್ರತಿ ಹುದ್ದೆಗೂ ಪ್ರತ್ಯೇಕ ಕಲಮು ಇರುವುದರಿಂದ ಸಂಸ್ಥೆಯ ಹೆಸರನ್ನು ಪುನಃ ಬರೆಯಲೇಬೇಕಾಗುತ್ತದೆ. ಆಗ ಎಲ್ಲ ಕಡೆಯೂ ಒಂದಕ್ಷರವೂ ವ್ಯತ್ಯಾಸವಾಗದಂತೆ ಬರೆಯಬೇಕು. ಒಂದು ಕಡೆ "ಪ್ರೈವೇಟ್ ಲಿಮಿಟೆಡ್" ಎಂದೂ ಇನ್ನೊಂದು ಕಡೆ "ಪ್ರೈ. ಲಿ." ಎಂದೂ ಬರೆದರೆ ಯಂತ್ರವು ಎರಡು ಸಂಸ್ಥೆಗಳೆಂದು ಎಣಿಸಬಹುದು. ನಮ್ಮ ಕಡತವನ್ನು ಯಂತ್ರವೇ ಓದಿ ಕಲಮುಗಳನ್ನು ತುಂಬಿದ್ದರೆ, ಒಪ್ಪಿಸುವ ಮುನ್ನ ಪ್ರತಿ ಹುದ್ದೆಯ ಎದುರಿಗೂ ಸಂಸ್ಥೆಯ ಹೆಸರು ಬಂದಿದೆಯೇ ಎಂದು ಪರಿಶೀಲಿಸುವುದು ಅವಶ್ಯ.

ಎರಡು ಎಚ್ಚರಿಕೆಗಳು. ಮೊದಲನೆಯದು, ಹುದ್ದೆಯ ಹೆಸರೂ ದಿನಾಂಕವೂ ಬಡ್ತಿಯ ಆದೇಶಪತ್ರದಲ್ಲಿರುವಂತೆಯೇ ಇರಲಿ. ಹೊಸ ಸಂಸ್ಥೆಯವರು ಹಳೆಯ ಕಚೇರಿಯನ್ನು ವಿಚಾರಿಸುವ ರೂಢಿಯುಂಟು. ಸೇರಿದ ದಿನಾಂಕವು ಭವಿಷ್ಯನಿಧಿಯ ಸೇವಾ ವಿವರದಲ್ಲಿಯೂ ಸಿಗುತ್ತದೆ. ವಾರ್ಷಿಕ ವೇತನ ಏರಿಕೆಯನ್ನು ಬಡ್ತಿಯೆಂದು ತೋರಿಸುವುದು ಸಲ್ಲದು. ಎರಡನೆಯದು, ನಡುವೆ ಕೆಲಸ ಬಿಟ್ಟು ಮತ್ತೆ ಅದೇ ಸಂಸ್ಥೆಗೆ ಮರಳಿದವರು ಒಂದೇ ಅವಧಿಯೆಂದು ಬರೆಯಕೂಡದು. ಅಂಥವರು ಎರಡು ಅವಧಿಗಳನ್ನು ಬೇರೆಯಾಗಿಯೇ ನಮೂದಿಸಿ, ಅದೇ ಸಂಸ್ಥೆಗೆ ಪುನಃ ಸೇರಿದುದಾಗಿ ತಿಳಿಸಬೇಕು.

ತಿದ್ದಿದ ಪ್ರತಿಯನ್ನು ಆ ಯುವಕನ ತಂದೆಯವರು ಕನ್ನಡಕವೇರಿಸಿ ಓದಿದರು. "ಈಗ ನೋಡ್ರಿ, ಹುಡುಗ ಒಂದ ಮನ್ಯಾಗ ಮೆಟ್ಲಾ ಏರಿದ್ದು ಕಾಣತೈತಿ, ಮೊದಲ ಊರೂರು ಅಡ್ಡ್ಯಾಡಿದಂಗ ಇತ್ತು" ಎಂದರು. ಮಗನು ನಕ್ಕು, ಕಪಾಟಿನಿಂದ ಬಡ್ತಿಯ ಆದೇಶಪತ್ರಗಳನ್ನು ತೆಗೆದು, ದಿನಾಂಕಗಳನ್ನು ಒಂದೊಂದಾಗಿ ತಾಳೆ ನೋಡತೊಡಗಿದನು.